ಏಳೂ ಇಪ್ಪತ್ತರ ನೆತ್ತಿ

ನಮ್ಮ ವಾಚಕರ ನೆತ್ತಿಯಲ್ಲಿ ಎಲ್ಲೆಲ್ಲಿ ಕೂದಲಿದೆ, ಎಲ್ಲೆಲ್ಲಿ ಇಲ್ಲ ಎಂಬುದು ಅವರ ಹೆಂಡತಿಗಿಂತ ನನಗೆ ಚೆನ್ನಾಗಿ ಗೊತ್ತು. ಮೂರು ವರ್ಷದಿಂದ ದಿನಾ ಸಂಜೆ ಆರೂ ಕಾಲಿಗೆ ಅವರು ನನ್ನ ಕುರ್ಚಿಯಲ್ಲಿ ಕೂರುತ್ತಾರೆ. ಏಳಕ್ಕೆ ಕ್ಯಾಮೆರಾದ ಮುಂದೆ ಕೂತು ಊರಿಗೆಲ್ಲ ವಾರ್ತೆ ಓದುತ್ತಾರೆ. ಈ ಮುಕ್ಕಾಲು ಗಂಟೆಯಲ್ಲಿ ಬಿಸಿಲಿಗೆ ಬಾಡಿದ ಗರಿಕೆಯಂತಿರುವ ಅವರ ಗಿಡ್ಡ ಕೂದಲನ್ನು ಎದ್ದು ನಿಲ್ಲಿಸಿ, ನೋಡುವವರಿಗೆ ಒತ್ತಾದ ತೋಟದಂತೆ ಕಾಣುವ ಹಾಗೆ ಮಾಡುವುದು ನನ್ನ ಕೆಲಸ. ಮುಖಕ್ಕೆ ಪೌಡರು, ಕಣ್ಣಿನ ಕೆಳಗಿನ ಕಪ್ಪಿಗೆ ಬಣ್ಣ, ಅವೆಲ್ಲ ಹತ್ತು ನಿಮಿಷದ ಮಾತು. ಉಳಿದದ್ದೆಲ್ಲ ತಲೆಗೇ.

ಆ ತಲೆ ಮೂರು ವಾರದಿಂದ ನನಗೆ ದ್ರೋಹ ಮಾಡುತ್ತಿತ್ತು.

ಮೊದಲ ಸಲ ಅದು ಆದಾಗ ನಾನು ಸ್ಟುಡಿಯೋದ ಹೊರಗಿನ ಟಿವಿಯ ಎದುರು ನಿಂತಿದ್ದೆ. ಏಳೂ ಇಪ್ಪತ್ತರ ಹೊತ್ತಿಗೆ ವಾಚಕರು ಕಾಗದ ನೋಡಲು ತಲೆ ತಗ್ಗಿಸಿದರು. ನೆತ್ತಿಯ ಕೂದಲು ಮೂರು ಗುಂಪಾಗಿ ಒಂದಕ್ಕೊಂದು ಅಂಟಿಕೊಂಡು ಮಲಗಿಬಿಟ್ಟಿತ್ತು. ನಡುವೆ ಚರ್ಮ, ಲೈಟಿನ ಕೆಳಗೆ ತೊಳೆದಿಟ್ಟ ತಟ್ಟೆಯ ಹಾಗೆ ಮಿಂಚುತ್ತಿತ್ತು. ಮಾರನೆಯ ದಿನ ಯಾರೋ ಆ ತುಣುಕನ್ನು ಕತ್ತರಿಸಿ, 'ಇಂದಿನ ಮುಖ್ಯಾಂಶಗಳ ಮೇಲೆ ಬೆಳಕು' ಎಂದು ಬರೆದು ಎಲ್ಲರ ಫೋನಿಗೂ ಹರಡಿದರು. ನಮ್ಮ ಕಚೇರಿಯ ಕಾವಲುಗಾರನೂ ನೋಡಿ, ನಗುವನ್ನು ಕೆಮ್ಮಾಗಿಸಿ ನುಂಗಿದ.

ಆ ವಾರ ಎರಡು ಸಲ ಆಯಿತು. ಮುಂದಿನ ವಾರ ನಾಲ್ಕು ಸಲ. ಯಾವಾಗಲೂ ನೆತ್ತಿಯಲ್ಲೇ, ಯಾವಾಗಲೂ ಏಳೂ ಇಪ್ಪತ್ತರ ಆಸುಪಾಸಿನಲ್ಲೇ.

ನನ್ನ ಕೈಯಲ್ಲಿ ಏನೂ ಬದಲಾಗಿರಲಿಲ್ಲ. ಮೊದಲು ಕೂದಲನ್ನು ಅದು ಮಲಗುವ ದಿಕ್ಕಿಗೆ ಎದುರಾಗಿ ಎತ್ತಿ ಬಿಸಿಗಾಳಿ ಕೊಡುತ್ತೇನೆ, ಬುಡ ನಿಂತ ಮೇಲೆ ತಣ್ಣನೆ ಗಾಳಿ ಬಿಟ್ಟು ಅದನ್ನು ಹಾಗೇ ಹಿಡಿದು ನಿಲ್ಲಿಸುತ್ತೇನೆ. ಆಮೇಲೆ ಕ್ಲೇ. ಅದು ಹೆಸರಿಗೆ ತಕ್ಕ ಹಾಗೆ ಮಣ್ಣೇ, ಬೂದಿ ಬಣ್ಣದ್ದು, ಹೊಳಪಿಲ್ಲದ್ದು. ಹೊಳೆಯುವ ವ್ಯಾಕ್ಸ್ ಹಚ್ಚಿದರೆ ತೆಳ್ಳನೆಯ ಎಳೆ ಭಾರಕ್ಕೆ ಬಾಗುತ್ತದೆ, ಲೈಟಿಗೆ ಮಿಂಚಿ ಇದ್ದದ್ದನ್ನೂ ಇಲ್ಲದ್ದನ್ನೂ ಸಾರಿ ಹೇಳುತ್ತದೆ. ಕ್ಲೇ ಹಾಗಲ್ಲ, ಗುಟ್ಟು ಉಳಿಸಿಕೊಳ್ಳುವ ಜಾತಿ. ಒಂದು ಬಟಾಣಿಯಷ್ಟು ಉಗುರಿನಲ್ಲಿ ಕೆರೆದು ತೆಗೆದು, ಅಂಗೈಯಲ್ಲಿ ಮುದ್ದೆಯ ಗುರುತೇ ಉಳಿಯದ ಹಾಗೆ ಉಜ್ಜಿ ಬಿಸಿ ಮಾಡಿಕೊಂಡು, ಕೂದಲು ದಟ್ಟವಾಗಿರುವ ಹಿಂಭಾಗದಿಂದ ಶುರುಮಾಡಿ ಮುಂದಕ್ಕೆ ಬರಬೇಕು. ನೆತ್ತಿಗೆ ಬರುವಷ್ಟರಲ್ಲಿ ಬೆರಳಲ್ಲಿ ಉಳಿದ ಅಂಟೇ ಸಾಕು. ತುದಿಯಲ್ಲಿ ಬಳಿಯಬಾರದು, ಬುಡದಲ್ಲಿ ಬೆರಳಾಡಿಸಿ ಎತ್ತಬೇಕು. ಅಷ್ಟೇ. ಮೂರು ವರ್ಷ ನಿಂತದ್ದು ಹೀಗೇ.

"ನಿಮ್ಮ ಕೈಗೆ ಏನಾಗಿದೆ, ತಾಯಿ?" ಎಂದು ವಾಚಕರು ಕನ್ನಡಿಯಲ್ಲಿ ನನ್ನ ಕಣ್ಣು ಹುಡುಕುತ್ತಾ ಕೇಳಿದರು. ಅವರಿಗೆ ಕೋಪ ಬಂದಾಗಲೆಲ್ಲ ನಾನು ತಾಯಿಯಾಗುತ್ತೇನೆ.

"ಏನೂ ಆಗಿಲ್ಲ ಸರ್. ಅದೇ ಕೈ, ಅದೇ ಡಬ್ಬಿ."

"ಡಬ್ಬಿ ಅದೇನಾ? ಒಳಗಿರೋದೂ ಅದೇನಾ?"

ಅವರ ಮಾತಿನ ಹಿಂದೆ ಒಬ್ಬ ಮನುಷ್ಯನಿದ್ದ. ನಮ್ಮಲ್ಲಿ ಹವಾಮಾನ ಹೇಳುವವನು. ಅವನ ತಲೆಯಲ್ಲಿ ಕಾಗೆ ಗೂಡು ಕಟ್ಟಿ ಮರಿ ಮಾಡಿದರೂ ಹೊರಗೆ ಕಾಣದಷ್ಟು ಕೂದಲು. ವಾರ್ತೆಯ ಕುರ್ಚಿಯ ಮೇಲೆ ಅವನಿಗೆ ಕಣ್ಣಿದೆ ಎಂಬುದು ಎಲ್ಲರಿಗೂ ಗೊತ್ತು. ನಾಲ್ಕು ಗಂಟೆಗೆ ನಾವಿಬ್ಬರೂ ಒಟ್ಟಿಗೆ ಟೀ ಕುಡಿಯುತ್ತೇವೆ ಎಂಬುದು ವಾಚಕರಿಗೂ ಗೊತ್ತು.

ಸೋಮವಾರ ಮೇಡಂ ನನ್ನನ್ನು ಒಳಗೆ ಕರೆದರು. ನಮ್ಮ ಸ್ಟುಡಿಯೋ ನಡೆಸುವವರು ಅವರೇ. ಮಾತು ಕಡಿಮೆ, ಕನ್ನಡಕ ದಪ್ಪ.

"ಶುಕ್ರವಾರ ಸಂಜೆ ಏಳರಿಂದ ಎರಡು ಗಂಟೆ ಹೊತ್ತು ನೇರ ಚರ್ಚೆ ಇದೆ. ಊರಿಗೆ ಊರೇ ನೋಡುತ್ತೆ. ಅವತ್ತು ಅವರ ತಲೆ ಹಿಂಗಾದ್ರೆ ಮುಂದೆ ಆ ಕುರ್ಚೀಲಿ ಬೇರೆಯವರನ್ನ ಕೂರಿಸ್ಬೇಕಾಗುತ್ತೆ. ನಿನ್ನ ಜಾಗಕ್ಕೂ ಬೇರೆಯವರನ್ನ ನೋಡ್ಬೇಕಾಗುತ್ತೆ."

"ಮೇಡಂ, ನಾನು..."

"ನೀನು ಬೇಕು ಅಂತ ಮಾಡ್ತಿದೀಯ ಅಂತ ನಾನು ಹೇಳ್ತಿಲ್ಲಮ್ಮ." ಅವರು ಕನ್ನಡಕ ತೆಗೆದು ಒರೆಸಿದರು. "ಹೇಳೋರು ಹೇಳ್ತಿದಾರೆ."

ಈ ಕೆಲಸ ಹೋದರೆ ನನಗೆ ಬೇರೆ ಕೆಲಸ ಸಿಗಬಹುದು. ಆದರೆ ಲೈಟಿನ ಕೆಳಗೆ ಕೂತವನ ತಲೆಗೆ ಬೇಕೆಂದೇ ಕೈಕೊಟ್ಟವಳು ಎಂಬ ಹೆಸರು ನನಗಿಂತ ಮುಂಚೆ ಅಲ್ಲಿಗೆ ತಲುಪಿರುತ್ತದೆ. ತಲೆ ಕೊಟ್ಟು ಕೂರುವವರು ಯಾರು ಆಮೇಲೆ?

ಅಂದಿನಿಂದ ಮೇಕಪ್ಪು ಕೋಣೆಯ ಕನ್ನಡಿ ನನಗೆ ಬೇರೆಯಾಗಿ ಕಾಣತೊಡಗಿತು. ಸುತ್ತ ಬಲ್ಬುಗಳಿರುವ ಆ ಉದ್ದನೆಯ ಕನ್ನಡಿ ಕೊಳವಿದ್ದಂತೆ. ಮೇಲೆ ಎಲ್ಲರೂ ನಗುತ್ತಾ ತೇಲುತ್ತಾರೆ, ತಳದಲ್ಲಿ ಯಾವುದೋ ಒಂದು ಬಾಲ ಆಡಿಸುತ್ತಾ ಮಲಗಿದೆ. ಯಾರು ಬಂದರೂ ಅವರ ಕೈ ನೋಡಿದೆ. ಯಾರು ಹೋದರೂ ಖಾನೆಯ ಡಬ್ಬಿಗಳನ್ನು ಎಣಿಸಿದೆ. ಡಬ್ಬಿಗೆ ಯಾರೋ ಎಣ್ಣೆ ಬೆರೆಸುತ್ತಿದ್ದಾರೆ. ಒಂದು ಚಮಚ ಸಾಕು, ಕ್ಲೇಯ ಹಿಡಿತ ಹೋಗಿಬಿಡುತ್ತದೆ. ಹಾಗಂತ ನನಗೆ ಖಾತ್ರಿಯಾಯಿತು. ಯಾರು ಎಂಬುದೂ ಸುಮಾರು ಖಾತ್ರಿಯೇ. ಮಂಗಳವಾರ ಹವಾಮಾನದವನ ಜೊತೆ ಟೀ ಕುಡಿಯಲಿಲ್ಲ.

"ಏನು, ಇವತ್ತು ಮೋಡ ಕವಿದಿದೆ?" ಎಂದ ಅವನು, ಲೋಟ ಹಿಡಿದು ಬಾಗಿಲಲ್ಲಿ ನಿಂತು.

"ನೀನೇ ಹೇಳ್ಬೇಕಲ್ಲ, ಮೋಡ ಎಲ್ಲಿಂದ ಬಂತು ಅಂತ."

ಅವನು ಪೆಚ್ಚಾಗಿ ನೋಡಿದ. ನಟನೆ ಚೆನ್ನಾಗಿದೆ ಎಂದುಕೊಂಡೆ.

ಅಂದು ಮನೆಗೆ ಹೊರಡುವ ಮುನ್ನ ಡಬ್ಬಿಯ ಮುಚ್ಚಳ ತೆಗೆದು, ಕ್ಲೇಯ ಮೈಯನ್ನು ಬೆರಳಿನಿಂದ ಸವರಿ ನುಣ್ಣಗೆ ಮಾಡಿದೆ. ಬಾಚಣಿಗೆಯ ಚೂಪು ಹಿಡಿಯಿಂದ ಅದರ ಮೇಲೆ ಒಂದು ಎಲೆ ಬರೆದೆ. ನಡುನರ, ಎರಡೂ ಬದಿಗೆ ಐದೈದು ಗೀರು. ಮುಚ್ಚಿಟ್ಟೆ.

ಬುಧವಾರ ಮಧ್ಯಾಹ್ನ ಬಂದವಳೇ ಡಬ್ಬಿ ತೆಗೆದೆ. ಎಲೆಯ ಒಂದು ಬದಿಯನ್ನು ಹುಳ ತಿಂದಿತ್ತು. ಸ್ಪಷ್ಟವಾದ ಉಗುರಿನ ಗುರುತು, ಅದೂ ದೊಡ್ಡ ಬೆರಳಿನದು.

ಡಬ್ಬಿ ಹಿಡಿದುಕೊಂಡೇ ಸ್ಟುಡಿಯೋಗೆ ನುಗ್ಗಿದೆ. ಹವಾಮಾನದವನು ಇನ್ನೂ ಬಂದಿರಲಿಲ್ಲ. ಇದ್ದದ್ದು ಲೈಟಣ್ಣ ಒಬ್ಬನೇ. ಲೈಟಣ್ಣ ನಮ್ಮ ದೀಪಗಳನ್ನು ನೋಡಿಕೊಳ್ಳುವವನು, ಐವತ್ತರ ಹತ್ತಿರದವನು, ಬೆಳಗಿನಿಂದ ಏಣಿಯ ಮೇಲೇ ಸಂಸಾರ. ಅವನು ಟೋಪಿ ತೆಗೆದದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಆ ದಿನ ಅವನ ತಲೆಯಲ್ಲಿ ಟೋಪಿ ಇರಲಿಲ್ಲ.

"ಲೈಟಣ್ಣ, ನನ್ನ ಡಬ್ಬಿ ಮುಟ್ಟಿದವರು ಯಾರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಲೈಟಣ್ಣ ತಲೆ ಮುಟ್ಟಿಕೊಂಡ. ಮುಟ್ಟಿದವನು ಕೂಡಲೇ ಕೈ ತೆಗೆದ, ಕೆಟ್ಟುಹೋದೀತೆಂಬ ಹೆದರಿಕೆಯಿಂದ.

"ತಂಗ್ಯಮ್ಮ, ಇಳಿದು ಬಂದು ಹೇಳ್ತೀನಿ. ಕೂಗಬೇಡ ನೀನು."

"ಅಲ್ಲಿಂದಲೇ ಹೇಳು."

"ಬೆಳಗ್ಗೆ ನಮ್ಮ ಭಾವನ ಮಗಳ ಮನೆಗೆ ಹೋಗೋದಿತ್ತು, ಫೋಟೋ ತೆಗೀತಾರೆ ಅಂದ್ರು. ಅದಕ್ಕೆ ಮೊದ್ಲು ಇಲ್ಲಿಗೆ ಬಂದು ಇಷ್ಟೇ ಇಷ್ಟು ತಗೊಂಡೆ. ನೀನು ಸಾಹೇಬ್ರಿಗೆ ಹಚ್ಚೋದನ್ನ ನಿನ್ನ ಕೋಣೆ ಬಾಗಿಲಿಂದ ಎಷ್ಟು ದಿನದಿಂದ ನೋಡ್ತಿದೀನಿ, ಹಂಗೇ ಮಾಡಿದೆ. ಅಂಗೈ ಬಿಸಿ ಮಾಡ್ಕೊಂಡು, ಹಿಂದಿನಿಂದ ಮುಂದಕ್ಕೆ. ಸರಿ ಐತಾ?" ಅವನು ತಲೆಯನ್ನು ಕೆಳಕ್ಕೆ ಬಗ್ಗಿಸಿ ತೋರಿಸಿದ. "ಕರ್ಕೊಂಡು ಹೋಗೋಕೆ ಮನೆಗೆ ಹೋದ್ರೆ, ನಮ್ಮಾಕೆ ಬಾಗಿಲು ತೆಗೆದು, ಯಾರು ಬೇಕಿತ್ತು ಅಂತ ಕೇಳಿದ್ಲು, ನೋಡು."

ನನಗೆ ನಗು ಬರಲಿಲ್ಲ. ಲೈಟಣ್ಣನ ಕೂದಲು ವಾಚಕರಿಗಿಂತ ತೆಳು. ವಾಪಸು ಬಂದಾಗಿನಿಂದ ಬಿಸಿ ದೀಪಗಳ ಮಗ್ಗುಲಲ್ಲೇ ನಿಂತು ಬೆವರಿದ್ದಾನೆ. ಆದರೂ ಅವನ ನೆತ್ತಿಯಲ್ಲಿ ಒಂದೊಂದು ಎಳೆಯೂ ಬೇರೆ ಬೇರೆಯಾಗಿ, ಒಣಗಿ, ಗಟ್ಟಿಯಾಗಿ ನಿಂತಿತ್ತು. ಅದೇ ಡಬ್ಬಿ. ಅದೇ ಕ್ಲೇ. ಕಲಿಯದ ಕೈ.

ಹಾಗಾದರೆ ಡಬ್ಬಿಯಲ್ಲಿ ತಪ್ಪಿಲ್ಲ. ನನ್ನ ಕೈಯಲ್ಲೂ ತಪ್ಪಿಲ್ಲ. ಉಳಿದದ್ದು ಒಂದೇ.

ಸಂಜೆ ಆರೂ ಕಾಲಿಗೆ ವಾಚಕರು ಬಂದು ಕೂತರು. ಚರ್ಮದ ಚೀಲವನ್ನು ಮೊದಲಿನಂತೆ ಕಾಲಿನ ಹತ್ತಿರ ಇಟ್ಟುಕೊಳ್ಳದೆ ತೊಡೆಯ ಮೇಲೆ ಇಟ್ಟುಕೊಂಡರು. ಹಾಗೆ ಇಟ್ಟುಕೊಳ್ಳುವುದು ಇತ್ತೀಚಿನದು ಎಂದು ನನಗೆ ಆಗ ಹೊಳೆಯಿತು. ಮೂರು ವಾರದಿಂದ.

ನಾನು ದಿನದಂತೆ ಕೂತ ಕೂಡಲೇ ಬಿಸಿಗಾಳಿಯ ಯಂತ್ರ ಚಾಲೂ ಮಾಡಲಿಲ್ಲ. ಮೊದಲು ಬರಿಗೈಯಲ್ಲಿ ತಲೆ ಮುಟ್ಟಿದೆ. ಕಿವಿಯ ಮೇಲೆ, ಹಿಂದೆ, ಎರಡೂ ಬದಿ, ಎಲ್ಲ ಒಣಗಿದೆ. ನೆತ್ತಿಗೆ ಬಂದಾಗ ಬೆರಳು ತಣ್ಣಗಾಯಿತು. ಬೆವರಲ್ಲ, ನೀರಲ್ಲ, ಬೆಲ್ಲದ ನೀರು ಬಿದ್ದ ಮೇಜನ್ನು ಒರೆಸಿದ ಮೇಲೂ ಉಳಿಯುತ್ತದಲ್ಲ, ಅಂಥ ಅಂಟು. ಬಗ್ಗಿ ಉಸಿರೆಳೆದೆ. ಸ್ಪಿರಿಟ್ಟಿನ ವಾಸನೆ, ಚುಚ್ಚುಮದ್ದಿಗೆ ಮುಂಚೆ ತೋಳಿಗೆ ಸವರುವ ಹತ್ತಿಯದು. ಕೂದಲಿನ ಬುಡದಲ್ಲಿ ಒಣಗಿದ ಗಂಜಿಯಂಥ ಬಿಳಿ ಪುಡಿ.

"ಏನು ಮೂಸ್ತಿದೀರಿ?"

"ಸರ್, ತಲೆಗೆ ಏನಾದ್ರೂ ಹಚ್ಚಿದೀರಾ?"

"ನನ್ನ ತಲೆಗೆ ಹಚ್ಚೋದು ನೀವು. ನನ್ನನ್ನ ಯಾಕೆ ಕೇಳ್ತೀರಿ?" ಎಂದವರು ಚೀಲದಿಂದ ಕರವಸ್ತ್ರ ತೆಗೆದರು. ತೆಗೆಯುವಾಗ ಚೀಲದ ಬಾಯಲ್ಲಿ ಒಂದು ಸಣ್ಣ ಬಾಟಲಿ ಇಣುಕಿತು. ಕಂದು ಬಣ್ಣ, ಮೇಲೆ ರಬ್ಬರಿನ ಹನಿಗೊಳವೆ. ಅವರು ಚೀಲವನ್ನು ಪಟಕ್ಕನೆ ಮುಚ್ಚಿದರು. ಕನ್ನಡಿಯಲ್ಲಿ ನಾನು ನೋಡಿದ್ದನ್ನು ಅವರು ನೋಡಿದರೋ ಇಲ್ಲವೋ ಗೊತ್ತಾಗಲಿಲ್ಲ.

ಕೂದಲು ಬೆಳೆಯಿಸುವ ದ್ರಾವಣ. ಅಂಥದ್ದನ್ನು ದಿನಕ್ಕೆರಡು ಸಲ ಹಚ್ಚುತ್ತಾರೆ, ಹಚ್ಚಿದ ಮೇಲೆ ಗಂಟೆಗಟ್ಟಲೆ ಒಣಗಬೇಕು. ಒಣಗಿದ ಮೇಲೂ ಬುಡದಲ್ಲಿ ಅಂಟು ಉಳಿದರೆ ತೊಳೆದೇ ಹೋಗಬೇಕು. ಅದರ ಮೇಲೆ ಕ್ಲೇ ಹಚ್ಚಿದರೆ ಅದು ಕೂದಲನ್ನು ಹಿಡಿಯುವ ಬದಲು ಆ ಅಂಟನ್ನು ಹಿಡಿಯುತ್ತದೆ. ಲೈಟಿನ ಬಿಸಿಗೆ ಎರಡೂ ಕಲಸಿ ಲೇಹ್ಯವಾಗುತ್ತವೆ, ಎಳೆಗಳು ಒಂದನ್ನೊಂದು ತಬ್ಬಿಕೊಂಡು ಬೀಳುತ್ತವೆ. ಮನುಷ್ಯ ಸಂಜೆಯ ಪಾಲನ್ನು ಹೊರಡುವ ಮುನ್ನ ಹಚ್ಚಿಕೊಂಡು ಬರುತ್ತಿದ್ದಾನೆ. ನಾನು ಎಬ್ಬಿಸುವ ಕೂದಲನ್ನು, ಇನ್ನೂ ಹುಟ್ಟದ ಕೂದಲು ಮಲಗಿಸುತ್ತಿದೆ.

ಆ ಸಂಜೆಯೂ ಏಳೂ ಇಪ್ಪತ್ತಕ್ಕೆ ನೆತ್ತಿ ಮಿಂಚಿತು.

ಈಗ ಸತ್ಯ ನನ್ನ ಕೈಯಲ್ಲಿತ್ತು, ಆದರೆ ಅದನ್ನು ಯಾರ ಮುಂದೆ ಬಿಚ್ಚಲಿ? ಮೇಡಂಗೆ ಹೇಳಿದರೆ ಮಧ್ಯಾಹ್ನದೊಳಗೆ ಕಾವಲುಗಾರನಿಗೂ ಗೊತ್ತಾಗುತ್ತದೆ. ಬೋಳಾಗುವುದಕ್ಕಿಂತ ಬೋಳಾಗುವ ಭಯ ಬಯಲಾಗುವುದೇ ಆ ಮನುಷ್ಯನಿಗೆ ಸಾವು. ಅವರಿಗೇ ಹೇಳಿದರೆ ಇಲ್ಲವೆನ್ನುತ್ತಾರೆ. ಚೀಲ ಕದ್ದು ನೋಡಿದಳು ಎಂಬುದೂ ನನ್ನ ಲೆಕ್ಕಕ್ಕೆ ಸೇರುತ್ತದೆ.

ಮನೆಯಲ್ಲಿ ಅಜ್ಜಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಹೆಸರು ಹೇಳದೆ ಎಲ್ಲ ಹೇಳಿದೆ. ಅಜ್ಜಿ ಅರ್ಧ ಕೇಳಿದಳು, ಅರ್ಧ ಸೊಪ್ಪಿನ ಹುಳ ಹುಡುಕಿದಳು.

"ಕತೇಲಿ ಮುನಿ ಏನ್ ಮಾಡ್ತಾನೆ?" ಎಂದಳು ಕೊನೆಗೆ.

"ಯಾವ ಕತೆ?"

"ಯಾವುದಾದ್ರೂ ಆಗ್ಲಿ. ರಾಜ ವರ ಕೇಳೋಕೆ ಬರ್ತಾನೆ. ನೀನು ಕುಡುಕ, ನಿನಗೆ ವರ ಫಲಿಸಲ್ಲ ಅಂತ ಮುನಿ ಅಂತಾನಾ? ತಲೆ ಹಾರಿಸ್ಬಿಡ್ತಾನೆ ರಾಜ. ಅದಕ್ಕೇ ಮುನಿ ಒಂದು ಷರತ್ತು ಹಾಕ್ತಾನೆ. ಮೂರು ದಿನ ಬರೀ ನೀರು ಕುಡಿ, ಆಮೇಲೆ ಹಣ್ಣು ತಿನ್ನು ಅಂತಾನೆ. ರಾಜನ ಮರ್ಯಾದೆ ರಾಜನ ಹತ್ರ, ಮುನಿ ತಲೆ ಮುನಿ ಹತ್ರ."

ಗುರುವಾರ ನಾನಾಗಿಯೇ ಮೇಡಂ ಕೋಣೆಗೆ ಹೋದೆ. ವಾಚಕರೂ ಅಲ್ಲೇ ಕೂತಿದ್ದರು. ನಾನು ಬಾಗಿಲು ತಳ್ಳಿದ ಕೂಡಲೇ ಅವರ ಮಾತು ನಿಂತಿತು. ಯಾರ ವಿಷಯದ ಮಾತೆಂದು ಕೇಳಬೇಕಿರಲಿಲ್ಲ.

"ಮೇಡಂ, ಕ್ಲೇ ಹಚ್ಚೋ ಪದ್ಧತಿ ಬದಲಾಯಿಸ್ತೀನಿ. ಆದ್ರೆ ಅದಕ್ಕೊಂದು ಷರತ್ತಿದೆ. ಸರ್ ನಾಳೆ ಬೆಳಗ್ಗೆ ಶಾಂಪೂ ಹಾಕಿ ತಲೆ ತೊಳ್ಕೊಬೇಕು. ಕಂಡೀಷನರ್ ಬೇಡ. ಅಲ್ಲಿಂದ ನಾನು ಮುಟ್ಟೋವರೆಗೂ ಆ ತಲೆಗೆ ಎಣ್ಣೆ, ಸೆಂಟು, ಏನಂದ್ರೆ ಏನೂ ತಾಕಬಾರದು. ಒಣ ತಲೆ ಬೇಕು. ಅಷ್ಟಾದ ಮೇಲೂ ಬಿದ್ರೆ ನಾನೇ ಪೆಟ್ಟಿಗೆ ಎತ್ಕೊಂಡು ಹೋಗ್ತೀನಿ."

ವಾಚಕರು ನನ್ನನ್ನೇ ನೋಡುತ್ತಿದ್ದರು. ಅವರ ಕೈ ಚೀಲದ ಬಾಯಿಯ ಮೇಲೆ ಬಂದು ಕೂತಿತು.

"ಇದೇನು ವ್ರತಾನಾ?" ಎಂದರು. "ಮೂರು ವರ್ಷ ಈ ಷರತ್ತು ಇರ್ಲಿಲ್ಲ."

"ಮೂರು ವರ್ಷ ಬೇಕಾಗಿರ್ಲಿಲ್ಲ ಸರ್."

"ಒಂದು ದಿನ ತಾನೇ," ಎಂದರು ಮೇಡಂ. "ನಿಮಗೇನು ತೊಂದರೆ?"

ತೊಂದರೆ ಏನೆಂದು ಹೇಳುವುದೇ ಅವರ ತೊಂದರೆ. "ಏನಿಲ್ಲ," ಎಂದರು. ಬಾಗಿಲು ದಾಟುವಾಗ ನನಗೆ ಮಾತ್ರ ಕೇಳುವಂತೆ, "ಬೀಳುತ್ತೆ ಅಂತ ಗೊತ್ತಿದ್ದೇ ನನ್ನ ಮೇಲೆ ಹಾಕೋಕೆ ದಾರಿ ಮಾಡ್ಕೊಂಡ್ರಿ, ಅಲ್ವಾ ತಾಯಿ?" ಎಂದರು.

ಶುಕ್ರವಾರ ಅವರು ಹದಿನೈದು ನಿಮಿಷ ಮುಂಚೆಯೇ ಬಂದರು. ಚೀಲ ತಂದಿರಲಿಲ್ಲ. ಕಾಗದದ ಪೊಟ್ಟಣವೊಂದು ಕೋಟಿನ ಜೇಬಿನಲ್ಲಿ ಉಬ್ಬಿತ್ತು. ಅದೇ ಬಾಟಲಿ ಇರಬಹುದೇ ಎಂದು ನನಗೆ ಕೂಡಲೇ ಅನುಮಾನ. ನೆತ್ತಿಯ ಮೇಲೆ ಕೈಯಿಟ್ಟೆ. ಒಣಗಿತ್ತು. ವಾಸನೆ ಇರಲಿಲ್ಲ. ತೆಳ್ಳಗೆ, ಹಗುರಾಗಿ, ಕೋಳಿಮರಿಯ ಪುಕ್ಕದಂತೆ ಬೆರಳ ಸಂದಿಯಲ್ಲಿ ಎದ್ದಿತು. ನನ್ನ ಕಣ್ಣು ಏಕೋ ಮಂಜಾಯಿತು.

ಬಿಸಿಗಾಳಿ, ತಣ್ಣನೆ ಗಾಳಿ. ಉಗುರಿನಲ್ಲಿ ಕ್ಲೇ ಕೆರೆಯುವಾಗ ಅವರು ಡಬ್ಬಿಯೊಳಕ್ಕೆ ಬಗ್ಗಿ ನೋಡಿದರು. ಉಜ್ಜುವಾಗ ಅಂಗೈ ತೋರಿಸಿ ಎಂದರು. ತೋರಿಸಿದೆ. ಪೊಲೀಸರಿಗೆ ಬೆರಳಚ್ಚು ಕೊಡುವವಳಂತೆ ಎರಡೂ ಕೈ ಚಾಚಿ ನಿಂತೆ. ಆಮೇಲೆ ಹಿಂದಿನಿಂದ ಮುಂದಕ್ಕೆ, ಬುಡದಿಂದ ಮೇಲಕ್ಕೆ. ಬಾಚಣಿಗೆ ಮುಟ್ಟಿಸಲಿಲ್ಲ.

ಚರ್ಚೆ ಶುರುವಾಯಿತು. ನಾನು ಹೊರಗಿನ ಟಿವಿಯ ಎದುರು. ಎಡಕ್ಕೆ ಮೇಡಂ, ಬಲಕ್ಕೆ ಹವಾಮಾನದವನು. ಅವನು ಅಂದು ಒಳ್ಳೆಯ ಕೋಟು ಹಾಕಿಕೊಂಡು ಬಂದಿದ್ದ.

"ಯಾಕೆ ಈ ಕೋಟು?" ಎಂದೆ.

"ಸುಮ್ನೆ. ಇಸ್ತ್ರಿ ಮಾಡಿತ್ತು."

ಸುಮ್ಮನೆ ಯಾರು ಕೋಟು ಹಾಕುತ್ತಾರೆ? ಏಳೂ ಐದು. ಏಳೂ ಹತ್ತು. ಅತಿಥಿಗಳಿಬ್ಬರು ಒಬ್ಬರ ಮಾತಿನ ಮೇಲೊಬ್ಬರು ಹತ್ತಿ ಕೂತರು. ಏಳೂ ಇಪ್ಪತ್ತಕ್ಕೆ ವಾಚಕರು ಕಾಗದ ನೋಡಲು ತಲೆ ತಗ್ಗಿಸಿದರು. ನಾನು ಮೇಡಂ ತೋಳು ಹಿಡಿದುಕೊಂಡಿದ್ದೆ, ಹಿಡಿದದ್ದು ನನಗೇ ಗೊತ್ತಿರಲಿಲ್ಲ.

ನೆತ್ತಿ ಕಪ್ಪಗಿತ್ತು. ಮಂಕಾಗಿ, ಒರಟಾಗಿ, ನಿಜವಾದ ಕೂದಲಿನ ಹಾಗೆ. ಅದು ನಿಜವಾದ ಕೂದಲೇ ಎಂಬುದು ಆಮೇಲೆ ನೆನಪಾಯಿತು.

ಎಂಟು ಗಂಟೆಗೂ ನಿಂತಿತ್ತು. ಕೊನೆಗೆ ಅತಿಥಿಯೊಬ್ಬರು ಮೇಜು ಗುದ್ದಿದರು. ಲೋಟ ಉರುಳಿತು, ಕೂದಲು ಅಲುಗಲಿಲ್ಲ.

"ಸೋಮವಾರ ಯಥಾಪ್ರಕಾರ ಬಾಮ್ಮ," ಎಂದು ಮೇಡಂ ಎದ್ದು ಹೋದರು. ನನ್ನ ಕೆಲಸ ಅಷ್ಟು ಸಣ್ಣ ವಾಕ್ಯದಲ್ಲಿ ಉಳಿಯಿತು. ಹವಾಮಾನದವನು ಕೋಟಿನ ಗುಂಡಿ ಬಿಚ್ಚಿದ.

ವಾಚಕರು ಮುಖ ಒರೆಸಿಕೊಳ್ಳಲು ನನ್ನ ಕೋಣೆಗೆ ಬಂದರು. ಹೊಗಳಲಿಲ್ಲ. ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡರು, ಆಮೇಲೆ ನನ್ನನ್ನು.

"ಬೆಳಗ್ಗೆಯಿಂದಲೇ ಏನೂ ಹಚ್ಚಬಾರದು ಅಂದ್ರಲ್ಲ. ಅಷ್ಟು ಹೊತ್ತು ಯಾಕೆ?"

"ಒಣಗೋಕೆ ಬೇಕು ಸರ್."

"ಏನು ಒಣಗೋಕೆ?"

ಹತ್ತಿಯಲ್ಲಿ ಅವರ ಹಣೆಯ ಬಣ್ಣ ಒರೆಸುತ್ತಿದ್ದ ನನ್ನ ಕೈ ನಿಂತಿತು. "ಕೂದಲು," ಎಂದೆ.

"ಕೂದಲು," ಎಂದರು ಅವರೂ.

"ತಲೆಗೆ ಏನಾದ್ರೂ ಹಚ್ಚೋದಿದ್ರೆ, ವಾರ್ತೆ ಮುಗಿಸಿ ಮನೆಗೆ ಹೋದ ಮೇಲೆ ಹಚ್ಚಬಹುದು ಸರ್. ಬೆಳಗ್ಗೆನೂ ಹಚ್ಚೋದಾದ್ರೆ ಬೇಗ ಹಚ್ಚಿ, ಮಧ್ಯಾಹ್ನ ತೊಳ್ಕೊಂಡು ಒಣಗಿಸ್ಕೊಂಡು ಬಂದ್ರೆ ಆಯ್ತು. ಹಚ್ಚೋರಿದ್ರೆ. ಸಾಮಾನ್ಯವಾಗಿ ಹೇಳಿದೆ."

"ಸಾಮಾನ್ಯವಾಗಿ."

"ಹೌದು ಸರ್."

"ಇದನ್ನ ಬೇರೆ ಯಾರಿಗಾದ್ರೂ ಸಾಮಾನ್ಯವಾಗಿ ಹೇಳಿದೀರಾ?"

"ಇಲ್ಲ."

ನಂಬಿದರೋ ಇಲ್ಲವೋ, ಮುಖದಿಂದ ತಿಳಿಯಲಿಲ್ಲ. ವಾರ್ತೆ ಓದುವವರ ಮುಖ ಅದು. ಜೇಬಿನಿಂದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಹೊಸ ಡಬ್ಬಿ, ಮೊಹರು ಒಡೆಯದ್ದು.

"ಸೋಮವಾರದಿಂದ ಇದು. ಮುಚ್ಚಳ ನನ್ನ ಎದುರಿಗೇ ತೆಗೀಬೇಕು. ಯಾರ ಮೇಲೂ ಅನುಮಾನ ಅಂತಲ್ಲ."

ಡಬ್ಬಿಯನ್ನು ಬೆಳಕಿಗೆ ಹಿಡಿದೆ. ಒಳಗಿದ್ದದ್ದು ನೀಲಿಯಾಗಿ, ತಿಳಿಯಾಗಿ, ಗಾಜಿನ ಗೋಲಿಯಂತೆ ಹೊಳೆಯುತ್ತಿತ್ತು.

"ಸರ್, ಇದು ಜೆಲ್."

"ಅಂದ್ರೆ?"

"ಹಚ್ಚಿದ್ರೆ ಕೂದಲು ಒದ್ದೆಯಾಗಿದ್ದ ಹಾಗೇ ಕಾಣುತ್ತೆ. ಎಳೆ ಎಳೆ ಅಂಟಿಕೊಂಡು ಕಡ್ಡಿ ಕಡ್ಡಿಯಾಗುತ್ತೆ. ದಟ್ಟ ಕೂದಲಿನವರಿಗೆ ಪರವಾಗಿಲ್ಲ. ತೆಳ್ಳಗಿರೋರಿಗೆ ಸಂದಿಯಲ್ಲೆಲ್ಲ ನೆತ್ತಿ ಕಾಣುತ್ತೆ."

ಅವರು ಡಬ್ಬಿಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. ಕನ್ನಡಕ ಹಾಕಿಕೊಂಡು ನನ್ನ ಮಾತಿಗೆ ಸಾಕ್ಷಿ ಹುಡುಕುವವರಂತೆ ಅದರ ಬೆನ್ನ ಮೇಲಿದ್ದ ಸಣ್ಣ ಅಕ್ಷರಗಳನ್ನು ಓದಿದರು. ನನ್ನನ್ನು ನೋಡಿದರು. ಇನ್ನೊಮ್ಮೆ ಓದಿದರು, ಈ ಸಲ ತುಟಿ ಅಲುಗಿಸುತ್ತಾ, ಮೊದಲ ಸಾಲಿನಿಂದ.